‘ಸರಿ’ ಅಂದದ್ದು ಯಾವುದಕ್ಕೆ?

ಫೋನಿನಲ್ಲಿ ಮಾತಾಡುವಾಗ ನನಗೊಂದು ಅಭ್ಯಾಸ. ಆ ಕಡೆಯವರು ಏನು ಹೇಳುತ್ತಿದ್ದರೂ ನಡುನಡುವೆ ‘ಸರಿ, ಸರಿ’ ಅನ್ನುತ್ತಿರುತ್ತೇನೆ. ನಮ್ಮ ತುಮಕೂರಿನ ಕಡೆ ಅದಕ್ಕೆ ‘ಕೇಳಿಸ್ತಾ ಇದೆ, ಮುಂದೆ ಹೇಳಿ’ ಅಂತಷ್ಟೇ ಅರ್ಥ. ಹೈದರಾಬಾದಿಗೆ ಬಂದ ಮೇಲೆ ಅದು ತಾನಾಗಿ ‘ಸರೇ, ಸರೇ’ ಆಯಿತು. ಅರ್ಥವೂ ಜೊತೆಯಲ್ಲೇ ಬಂದಿದೆ ಅಂದುಕೊಂಡಿದ್ದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಬೀಜದ ಪೊಟ್ಟಣದ ಮೇಲಿನ ಸೂಚನೆ, ಪಂಪ್‌ಸೆಟ್ಟಿನ ಕೈಪಿಡಿ, ರೈತರಿಗೆ ಹಂಚುವ ಕರಪತ್ರ, ಇಂಥವು. ಕಚೇರಿಗಳು ಹೈದರಾಬಾದಿನಲ್ಲಿ, ಓದುವವರು ಕರ್ನಾಟಕದಲ್ಲಿ, ನಡುವೆ ನಮ್ಮಂಥವರು. ಕೆಲಸ ಮೇಲ್‌ನಲ್ಲಿ ಬರುತ್ತದೆ, ಮೇಲ್‌ನಲ್ಲೇ ಹೋಗುತ್ತದೆ. ದುಡ್ಡಿನ ಮಾತು ಮಾತ್ರ ಯಾವಾಗಲೂ ಫೋನಿನಲ್ಲಿ.

2019ರ ನವೆಂಬರಿನಲ್ಲಿ ಒಂದು ಜಾಹೀರಾತು ಸಂಸ್ಥೆಗೆ ಹನಿ ನೀರಾವರಿಯ ಕೈಪಿಡಿ ಮಾಡಿಕೊಟ್ಟು 48,000 ರೂಪಾಯಿಯ ಬಿಲ್ ಕಳಿಸಿದ್ದೆ. ಆರು ವಾರ ಕಾದು ಫೋನ್ ಮಾಡಿದೆ. ಲೆಕ್ಕದ ವಿಭಾಗದವರು ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. ಬಜೆಟ್ ಬಿಗಿಯಾಗಿದೆ ಅಂದರು. “ಮುಪ್ಪೈ ವೇಸಿ ಕ್ಲೋಸ್ ಚೇಸೇದ್ದಾಂ ಮೇಡಂ” ಅಂದರು. ಮೂವತ್ತು ಹಾಕಿ ಕ್ಲೋಸ್ ಮಾಡೋಣ ಅಂತ. ಈ ತಿಂಗಳ ಮಟ್ಟಿಗೆ ಮೂವತ್ತು ಸಾವಿರ ಹಾಕಿ ತಿಂಗಳ ಲೆಕ್ಕ ಮುಗಿಸುತ್ತಾರೆ, ಉಳಿದದ್ದು ಮುಂದಿನ ತಿಂಗಳು, ಎಂದು ನನಗೆ ಅರ್ಥವಾಯಿತು. ನಾನು ಎಂದಿನಂತೆ “ಸರೇ, ಸರೇ” ಅಂದೆ.

ಶೇಕಡಾ 10ರ ಟಿಡಿಎಸ್ ಹಿಡಿದು 27,000 ಬಂತು. ಉಳಿದ 18,000ಕ್ಕೆ ಜನವರಿಯಲ್ಲಿ ಫೋನ್ ಮಾಡಿದರೆ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ಹಳಬರು ಕೆಲಸ ಬಿಟ್ಟಿದ್ದರು. ಹೊಸಬರು ಫೈಲ್ ತೆಗೆದು ನೋಡಿ, “ಮೂವತ್ತಕ್ಕೆ ಸೆಟಲ್ ಆಗಿದೆ ಅಂತ ಬರೆದಿದೆ ಮೇಡಂ, ನೀವು ಫೋನಲ್ಲಿ ಒಪ್ಪಿದ್ದೀರಂತೆ” ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಫೈಲಿನಲ್ಲಿ ಹಾಗೇ ಇತ್ತು. ನನ್ನ ಕಡೆಯ ಫೈಲಿನಲ್ಲಿ ಆ ಕರೆಯ ಬಗ್ಗೆ ಏನೂ ಇರಲಿಲ್ಲ.

ಈ ಸಂಕಟವನ್ನು ಕಾಚಿಗುಡದ ಕಾಕಾ ಅವರ ಮುಂದೆ ತೋಡಿಕೊಂಡೆ. ರಕ್ತಸಂಬಂಧವೇನಿಲ್ಲ, ಇಲ್ಲಿನ ಕನ್ನಡದವರಿಗೆಲ್ಲ ಅವರು ಕಾಕಾ. ಮೂಲ ರಾಯಚೂರಿನ ಕಡೆಯವರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದರೂ ಅವರ ತಂದೆ ಹೈದರಾಬಾದ್ ಬಿಡಲಿಲ್ಲ. ಕಾಕಾ ಇಲ್ಲೇ ನೃಪತುಂಗ ಶಾಲೆಯಲ್ಲಿ ಓದಿ, ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದು ನಿವೃತ್ತರಾದವರು.

“ಫೋನ್ ಇಟ್ಟ ಮ್ಯಾಲ ಏನರ ಬರದು ಕಳಿಸಿದ್ಯೇನು ತಂಗಿ?”

“ಇಲ್ಲ ಕಾಕಾ.”

“ಹಂಗಾದ್ರ ಅವ ಹೇಳಿದ್ದೂ ಖರೆ, ನೀ ಹೇಳಿದ್ದೂ ಖರೆ. ಆದ್ರ ರೊಕ್ಕ ಯಾರ ಕೈಯಾಗ ಅದನೋ ಅವಂದು ಇನ್ನಷ್ಟು ಖರೆ.”

18,000 ಬರಲೇ ಇಲ್ಲ. ಬಂದದ್ದು ಕಾಕಾ ಅವರ ಪಾಠ. ದುಡ್ಡಿನ ಫೋನ್ ಮುಗಿದ ಒಂದು ಗಂಟೆಯೊಳಗೆ, ಮಾತು ಕಿವಿಯಲ್ಲಿ ಬೆಚ್ಚಗಿರುವಾಗಲೇ, ಮಾತಾಡಿದ್ದನ್ನು ಬರೆದು ಅದೇ ವ್ಯಕ್ತಿಗೆ ಕಳಿಸಬೇಕು. ಏನು ಬರೆಯಬೇಕು ಅಂತ ಕೇಳಿದ್ದಕ್ಕೆ ಅವರು ಪಟ್ಟಿ ಕೊಡಲಿಲ್ಲ, ಒಂದು ಪರೀಕ್ಷೆ ಕೊಟ್ಟರು: “ಆ ಫೋನ್ ಕೇಳದವನೊಬ್ಬ, ನಿನ್ನ ಹೆಸರೂ ಗೊತ್ತಿಲ್ಲದವ, ಆ ಕಾಗದ ಒಂದೇ ನೋಡಿ, ಯಾರನ್ನೂ ಕೇಳದ ರೊಕ್ಕ ಹಾಕಂಗ ಇರಬೇಕು. ಇವತ್ತು ಫೋನ್ ಎತ್ತಿದವ ನಾಳಿಗೆ ಆ ಕುರ್ಚ್ಯಾಗ ಇರತಾನಂತ ಏನ್ ಗ್ಯಾರಂಟಿ?”

ಈ ಪರೀಕ್ಷೆ ನಿಜವಾಗಿ ಕೆಲಸಕ್ಕೆ ಬಂದದ್ದು 2023ರ ಜೂನ್ ತಿಂಗಳಲ್ಲಿ.

ಆಗ ಇನ್ನೊಂದು ಸಂಸ್ಥೆಯಿಂದ ನನಗೆ ಮೂರು ಬಿಲ್ ಬಾಕಿ ಇತ್ತು. 15ನೇ ನಂಬರಿನದು 22,000 ರೂಪಾಯಿ, 16ನೆಯದು 31,000, 17ನೆಯದು 18,500. ಒಟ್ಟು 71,500. ಜೂನ್ 12, ಸೋಮವಾರ ಮಧ್ಯಾಹ್ನ ಲೆಕ್ಕದ ವಿಭಾಗದವರೇ ಫೋನ್ ಮಾಡಿದರು. ತೆಲುಗು, ಹಿಂದಿ, ಇಂಗ್ಲಿಷ್ ಮೂರೂ ಬೆರೆತ ಹೈದರಾಬಾದಿ ಮಾತು. ಹಿಂದೆ ಫ್ಯಾನಿನ ಸದ್ದು. ಐದು ನಿಮಿಷದಲ್ಲಿ ಎಲ್ಲ ಹೇಳಿ ಇಟ್ಟರು.

ನಾನು ಕೇಳಿಸಿಕೊಂಡದ್ದು ಇಷ್ಟು. ಒಂದು ಬಿಲ್ಲಿನ ಪೂರ್ತಿ ಹಣ ಈ ತಿಂಗಳ ಇಪ್ಪತ್ತರೊಳಗೆ. 16ನೇ ಬಿಲ್ಲಿಗೆ ಮ್ಯಾನೇಜರ್ ಸಹಿ ಆಗಿಲ್ಲ, ಪದಗಳ ಲೆಕ್ಕದಲ್ಲಿ ತಕರಾರಿದೆ. ತಕರಾರಿಲ್ಲದಷ್ಟನ್ನು ಈಗಲೇ ಹಾಕುತ್ತಾರೆ.

ಆ ತಕರಾರನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅನುವಾದದಲ್ಲಿ ಇದು ಮಾಮೂಲಿ. ನಾನು ಪದಕ್ಕೆ 2.50 ರೂಪಾಯಿಯಂತೆ ಇಂಗ್ಲಿಷ್ ಮೂಲದ 12,400 ಪದಗಳಿಗೆ ಲೆಕ್ಕ ಹಾಕಿ 31,000 ಬರೆದಿದ್ದೆ. ಅವರು ನಾನು ಕಳಿಸಿದ ಕನ್ನಡದ ಪದಗಳನ್ನು ಎಣಿಸಿದ್ದರು. ಕನ್ನಡದಲ್ಲಿ ವಿಭಕ್ತಿಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವಲ್ಲ, ಇಂಗ್ಲಿಷಿನ ಮೂರು ಪದ ನಮ್ಮಲ್ಲಿ ‘ಹೊಲದಲ್ಲಿ’ ಅಂತ ಒಂದೇ ಆಗುತ್ತದೆ. ಹಾಗಾಗಿ ಅವರಿಗೆ ಸಿಕ್ಕಿದ್ದು 9,300 ಪದ, 23,250 ರೂಪಾಯಿ. ನಡುವಿನ ಅಂತರ 7,750.

ಫೋನ್ ಇಟ್ಟ ಅರ್ಧ ಗಂಟೆಯಲ್ಲಿ ಮೇಲ್ ಕಳಿಸಿದೆ. ಕಳಿಸಿದ್ದು ಇಂಗ್ಲಿಷಿನಲ್ಲಿ, ಲೆಕ್ಕದವರಿಗೆ ಅದೇ ಅನುಕೂಲ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

“ವಿಷಯ: ಬಿಲ್ 15, 16, 17ರ ಪಾವತಿ. 12 ಜೂನ್ 2023ರ ಫೋನ್ ಮಾತುಕತೆ.

ಇಂದು ಮಧ್ಯಾಹ್ನ ಸುಮಾರು 3.30ಕ್ಕೆ ನೀವು ಫೋನ್ ಮಾಡಿ ಮಾತಾಡಿದ್ದಕ್ಕೆ ಧನ್ಯವಾದ. ನಾನು ಅರ್ಥ ಮಾಡಿಕೊಂಡದ್ದು ಇದು:

1. ಬಿಲ್ 15, ಪೂರ್ತಿ 22,000 ರೂಪಾಯಿ, 20 ಜೂನ್ 2023, ಮಂಗಳವಾರದೊಳಗೆ ಹಾಕುತ್ತೀರಿ.

2. ಬಿಲ್ 16ರ 31,000ದಲ್ಲಿ ತಕರಾರಿಲ್ಲದ 23,250 ರೂಪಾಯಿಯನ್ನು ಅದೇ ದಿನದೊಳಗೆ ಹಾಕುತ್ತೀರಿ.

3. ಎರಡೂ ಸೇರಿ 45,250. ಶೇ. 10 ಟಿಡಿಎಸ್ 4,525 ಕಳೆದು ನನ್ನ ಖಾತೆಗೆ ಬರಬೇಕಾದದ್ದು 40,725.

4. ಬಿಲ್ 16ರ ಉಳಿದ 7,750ರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಕೆಲಸದ ಆದೇಶದಲ್ಲಿ ಯಾವ ಪದಗಳ ಲೆಕ್ಕ ಎಂದಿದೆಯೋ ನೋಡಿ ಮ್ಯಾನೇಜರ್ ತಿಳಿಸುತ್ತಾರೆ. ಈಗ ಬರುವ ಹಣವನ್ನು ನಾನು ಬಿಲ್ 16ರ ಭಾಗಶಃ ಪಾವತಿ ಎಂದು ಜಮಾ ಮಾಡಿಕೊಳ್ಳುತ್ತೇನೆ, ಪೂರ್ಣ ಇತ್ಯರ್ಥ ಎಂದು ಅಲ್ಲ.

5. ಬಿಲ್ 17ರ 18,500 ರೂಪಾಯಿಯ ಬಗ್ಗೆ ಇಂದು ಮಾತಾಡಲಿಲ್ಲ.

ನನ್ನ ಬ್ಯಾಂಕ್ ಖಾತೆ ಬಿಲ್ಲಿನ ಮೇಲಿರುವುದೇ, ಬದಲಾಗಿಲ್ಲ. ಹಣ ಹಾಕಿದ ಮೇಲೆ ಯುಟಿಆರ್ ನಂಬರ್ ಕಳಿಸಿ. ಇದರಲ್ಲಿ ಯಾವುದಾದರೂ ನೀವು ಹೇಳಿದ್ದಕ್ಕಿಂತ ಬೇರೆ ಇದ್ದರೆ ತಿದ್ದಿ, ಸರಿ ಇದ್ದರೆ ‘ಸರಿ’ ಎಂದು ಒಂದು ಸಾಲು ಉತ್ತರಿಸಿ.”

ಮಾರನೆಯ ಬೆಳಿಗ್ಗೆ ಉತ್ತರ ಬಂತು. ‘ಸರಿ’ ಅಂತ ಅಲ್ಲ. “ಮೇಡಂ, ನಾನು ಹೇಳಿದ್ದು ಬಿಲ್ 17, 15 ಅಲ್ಲ. ಬಿಲ್ 15 ನಮಗೆ ಬಂದೇ ಇಲ್ಲ.”

ತೆಲುಗಿನಲ್ಲಿ ಹದಿನೈದಕ್ಕೆ ‘ಪದಿಹೇನು’, ಹದಿನೇಳಕ್ಕೆ ‘ಪದಿಹೇಡು’. ಎದುರಿಗೆ ಕೂತು ಹೇಳಿದರೆ ಗೊತ್ತಾಗುತ್ತದೆ. ಫ್ಯಾನಿನ ಸದ್ದಿನಲ್ಲಿ, ಫೋನಿನಲ್ಲಿ, ಬೇಗ ಹಣ ಬರಲಿ ಎಂದು ಹಳೆಯ ಬಿಲ್ಲಿನ ಮೇಲೇ ಮನಸ್ಸಿಟ್ಟುಕೊಂಡವಳ ಕಿವಿಗೆ ಅದು ಪದಿಹೇನು ಅಂತಲೇ ಕೇಳಿಸಿತು. “ಪದಿಹೇಡು ಬಿಲ್ಲು, ಈ ನೆಲ ಇರವೈ ಲೋಪಲ” ಅಂದವರು ಮೊತ್ತ ಹೇಳಿರಲಿಲ್ಲ, ‘ಫುಲ್ ಪೇಮೆಂಟ್’ ಅಂದಿದ್ದರು. ನಾನು ಪ್ರತಿ ಬಿಲ್ಲಿನ ನಂಬರಿನ ಪಕ್ಕ ಮೊತ್ತವನ್ನೂ ಬರೆದಿದ್ದರಿಂದ ಅವರ ಕಣ್ಣಿಗೆ 22,000 ಬಿತ್ತು, ತಪ್ಪು ಗೊತ್ತಾಯಿತು. ನಂಬರ್ ಒಂದನ್ನೇ ಬರೆದಿದ್ದರೆ 5ರ ಮೇಲೂ 7ರ ಮೇಲೂ ಕಣ್ಣು ಹಾಯಿಸಿ ‘ಸರಿ’ ಅಂದುಬಿಡುತ್ತಿದ್ದರೇನೋ.

ಅದಕ್ಕಿಂತ ದೊಡ್ಡ ಸಂಗತಿ ಬಿಲ್ 15 ಅವರಿಗೆ ತಲುಪಿಯೇ ಇರಲಿಲ್ಲ ಅನ್ನುವುದು. ಅದನ್ನು ನಾನು ಹಳೆಯ ವಿಳಾಸಕ್ಕೆ ಕಳಿಸಿದ್ದೆ. ಇಪ್ಪತ್ತನೇ ತಾರೀಖಿನವರೆಗೆ ಸುಮ್ಮನೆ ಕಾದು, ಆಮೇಲೆ ಸಿಟ್ಟಿನಲ್ಲಿ ಫೋನ್ ಮಾಡಿ, ತಪ್ಪು ನನ್ನದೇ ಅಂತ ಗೊತ್ತಾಗಿ ಮುಖ ಸಣ್ಣದು ಮಾಡಿಕೊಳ್ಳಬೇಕಿತ್ತು. ಬರೆದು ಕಳಿಸುವುದು ಅವರನ್ನು ಕಟ್ಟಿಹಾಕಲಿಕ್ಕೆ ಅಂದುಕೊಂಡಿದ್ದ ನನಗೆ, ಅದು ಮೊದಲು ನನ್ನ ಕಿವಿಯನ್ನೇ ಪರೀಕ್ಷಿಸುತ್ತದೆ ಅಂತ ಅವತ್ತು ತಿಳಿಯಿತು. ಅದಕ್ಕೇ ‘ನಾನು ಅರ್ಥ ಮಾಡಿಕೊಂಡದ್ದು ಇದು’ ಎಂದೇ ಶುರು ಮಾಡಬೇಕು. ‘ನೀವು ಒಪ್ಪಿಕೊಂಡದ್ದು ಇದು’ ಎಂದು ಶುರು ಮಾಡಿದರೆ ಓದುವವರು ತಿದ್ದುವುದಿಲ್ಲ, ವಾದಕ್ಕೆ ನಿಲ್ಲುತ್ತಾರೆ, ಇಲ್ಲವೇ ಉತ್ತರವನ್ನೇ ಕೊಡುವುದಿಲ್ಲ.

ಅವತ್ತೇ ತಿದ್ದಿದ ಮೇಲ್ ಕಳಿಸಿದೆ. ಬಿಲ್ 17ರ 18,500, ಬಿಲ್ 16ರ 23,250, ಒಟ್ಟು 41,750, ಟಿಡಿಎಸ್ 4,175, ಬರಬೇಕಾದದ್ದು 37,575. ಬಿಲ್ 15ನ್ನು ಮತ್ತೆ ಲಗತ್ತಿಸಿದೆ. ಈ ಸಲ “ಸರಿ” ಅಂತ ಬಂತು.

ಟಿಡಿಎಸ್ ಕಳೆದ ಮೊತ್ತವನ್ನೂ ಯಾಕೆ ಬರೆಯಬೇಕು ಅಂತ ಕೆಲವರಿಗೆ ಅನ್ನಿಸಬಹುದು. ಬ್ಯಾಂಕಿನ ಸಂದೇಶದಲ್ಲಿ ಕಾಣುವುದು ಆ ಸಂಖ್ಯೆ ಮಾತ್ರ. ಖಾತೆಗೆ 37,575 ಬಿದ್ದಾಗ ಅದು ಯಾವ ಬಿಲ್ಲಿನ ಯಾವ ಭಾಗ ಅಂತ ಪತ್ರದಲ್ಲೇ ಬರೆದಿದ್ದರೆ ಎರಡೂ ಕಡೆ ಒಂದೇ ಲೆಕ್ಕ ಇರುತ್ತದೆ. ಇಲ್ಲದಿದ್ದರೆ ಅವರು ಒಂದು ಬಿಲ್ಲಿಗೆ ಜಮಾ ಮಾಡಿರುತ್ತಾರೆ, ನಾವು ಇನ್ನೊಂದಕ್ಕೆ. ಕಾಕಾ ಹೇಳಿದ ಪ್ರಕಾರ ನಮ್ಮ ಕರಾರು ಕಾಯ್ದೆಯಲ್ಲೂ ಇದಕ್ಕೆ ಕ್ರಮ ಇದೆ. ಹಣ ಕೊಡುವವನು ‘ಇದು ಇಂಥ ಬಾಕಿಗೆ’ ಅಂದರೆ, ಒಪ್ಪಿ ತೆಗೆದುಕೊಂಡವನು ಅದಕ್ಕೇ ಜಮಾ ಮಾಡಬೇಕು. ಅವನು ಏನೂ ಹೇಳದೆ, ಸಂದರ್ಭದಿಂದಲೂ ಏನೂ ತಿಳಿಯದಿದ್ದರೆ, ತೆಗೆದುಕೊಳ್ಳುವವನು ಯಾವ ಬಾಕಿಗೆ ಬೇಕಾದರೂ ಜಮಾ ಮಾಡಬಹುದು. ಇಬ್ಬರೂ ಸುಮ್ಮನಿದ್ದರೆ ಹಳೆಯದು ಮೊದಲು.

ತಾರೀಖಿನ ವಿಷಯದಲ್ಲಂತೂ ಈ ಊರಿನಲ್ಲಿ ಬಾಯಿಮಾತು ನಂಬಿದವರು ಕೆಟ್ಟರು. ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಹೈದರಾಬಾದಿ ದಖ್ಖನಿಯಲ್ಲಿ ‘ಪರ್ಸೋಂ’ ಅಂದರೆ ಮೊನ್ನೆಯೂ ಆಗಬಹುದು, ಮೂರು ವರ್ಷದ ಹಿಂದೆಯೂ ಆಗಬಹುದು. ಇಲ್ಲಿನವರೇ ಅದನ್ನು ಹೇಳಿಕೊಂಡು ನಗುತ್ತಾರೆ. “ಪೇಮೆಂಟ್ ಪರ್ಸೋಂ ಹೋ ಗಯಾ” ಎಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ, ತಾರೀಖು ಮತ್ತು ಯುಟಿಆರ್ ಕೇಳಿ ಬರೆಯುತ್ತೇನೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಹಣಕ್ಕೆ ಆ ನಂಬರ್ ಇರುತ್ತದೆ, ಅದಿದ್ದರೆ ನಮ್ಮ ಬ್ಯಾಂಕಿನವರು ಹುಡುಕಿಕೊಡುತ್ತಾರೆ. ನಂಬರ್ ಇಲ್ಲ ಅಂದರೆ ಬಹುಮಟ್ಟಿಗೆ ಹಣ ಇನ್ನೂ ಹೊರಟಿಲ್ಲ ಅಂತಲೇ. ಮುಂದಿನ ತಾರೀಖು ಬರೆಯುವಾಗ ವಾರವನ್ನೂ ಸೇರಿಸುತ್ತೇನೆ, ‘20 ಜೂನ್, ಮಂಗಳವಾರ’ ಅಂತ. ಎರಡರಲ್ಲಿ ಒಂದು ತಪ್ಪಿದ್ದರೆ ಓದುವವರಿಗೆ ತಕ್ಷಣ ಹೊಳೆಯುತ್ತದೆ.

ಪತ್ರದಲ್ಲಿ ಬರೆಯಬಾರದ್ದೂ ಒಂದಿದೆ. ಖಾತೆಯ ನಂಬರನ್ನು ಹೊಸದಾಗಿ ಬರೆದು ‘ಇದಕ್ಕೆ ಹಾಕಿ’ ಅನ್ನಬಾರದು. ಮೇಲ್ ಕದ್ದು ಓದಿ, ಬಾಕಿಯ ಮಾತು ನಡೆಯುತ್ತಿರುವಾಗಲೇ ‘ನಮ್ಮ ಖಾತೆ ಬದಲಾಗಿದೆ’ ಎಂದು ನಮ್ಮ ಹೆಸರಿನಲ್ಲಿ ಬರೆಯುವ ಮೋಸಗಾರರು ಇದ್ದಾರೆ. ಹಣ ಹೋದ ಮೇಲೆ ಅದು ಗೊತ್ತಾಗುತ್ತದೆ. ಅದಕ್ಕೆ ‘ಖಾತೆ ಬಿಲ್ಲಿನ ಮೇಲಿರುವುದೇ, ಬದಲಾಗಿಲ್ಲ’ ಅನ್ನುವ ಸಾಲು. ನಿಜವಾಗಿ ಬದಲಾದಾಗ ನಾನೇ ಫೋನ್ ಮಾಡಿ ಹೇಳುತ್ತೇನೆ, ಅವರೂ ತಮ್ಮಲ್ಲಿ ಮೊದಲಿನಿಂದ ಇರುವ ನನ್ನ ನಂಬರಿಗೆ ತಿರುಗಿ ಫೋನ್ ಮಾಡಿ ಕೇಳಲಿ ಎನ್ನುತ್ತೇನೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ನಾಲ್ಕನೆಯ ಸಾಲು. ಒಪ್ಪಿದ್ದನ್ನು ಬರೆಯಲು ಎಲ್ಲರಿಗೂ ಇಷ್ಟ, ಒಪ್ಪದೇ ಉಳಿದದ್ದನ್ನು ಬರೆಯಲು ಸಂಕೋಚ. ನನ್ನ 18,000 ಹೋದದ್ದು ಆ ಸಂಕೋಚದಲ್ಲೇ. ಬಂದ ಹಣ ಭಾಗವೋ ಪೂರ್ತಿಯೋ ಅಂತ ಯಾರೂ ಬರೆಯಲಿಲ್ಲ, ಅವರು ‘ಪೂರ್ತಿ’ ಅಂತ ಬರೆದುಕೊಂಡರು. ಈ ಸಲ ಹಾಗಾಗಲಿಲ್ಲ. 37,575 ಜೂನ್ 19ಕ್ಕೆ ಬಂತು. ಬಿಲ್ 15ರ 22,000ದಲ್ಲಿ ಟಿಡಿಎಸ್ ಕಳೆದು 19,800 ಜುಲೈನಲ್ಲಿ ಬಂತು. ಅಷ್ಟರಲ್ಲಿ ಆ ಮ್ಯಾನೇಜರ್ ಬೇರೆ ಊರಿಗೆ ವರ್ಗವಾಗಿದ್ದರು. ಹೊಸ ಮ್ಯಾನೇಜರ್ ಮೇಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ, ಕೆಲಸದ ಆದೇಶ ತೆಗೆಸಿ ನೋಡಿ, ಅದರಲ್ಲಿ ‘ಮೂಲ ಪದಗಳು’ ಎಂದಿದ್ದದ್ದರಿಂದ ಉಳಿದ 7,750ಕ್ಕೆ ಸಹಿ ಹಾಕಿದರು. ಆಗಸ್ಟಿನಲ್ಲಿ 6,975 ಖಾತೆಗೆ ಬಿತ್ತು. ನಾನು ಅವರ ಮುಖವನ್ನೂ ನೋಡಿಲ್ಲ, ಫೋನಿನಲ್ಲೂ ಮಾತಾಡಿಲ್ಲ. ಕಾಕಾ ಹೇಳಿದ ‘ಫೋನ್ ಕೇಳದವ’ ಅವರೇ.

ಹಾಗಂತ ಈ ಪತ್ರಕ್ಕೆ ಇಲ್ಲದ ಬಲವನ್ನು ಆರೋಪಿಸಬಾರದು. ನಾನು ಬರೆದದ್ದು ನನ್ನ ಮಾತು ಮಾತ್ರ. ಎದುರಿನವರು ಸುಮ್ಮನಿದ್ದರೆ ಒಪ್ಪಿದಂತೆ ಅಂತ ಆಗಿಬಿಡುವುದಿಲ್ಲ. ಎರಡು ದಿನ ಉತ್ತರ ಬರದಿದ್ದರೆ ಅದೇ ಮೇಲ್‌ನ ಕೆಳಗೆ ಇನ್ನೊಂದು ಸಾಲು ಬರೆದು ಕೇಳುತ್ತೇನೆ. ಇಂಥ ಕೆಲಸದ ಬಾಕಿಗೆ ನ್ಯಾಯಾಲಯಕ್ಕೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಅದರೊಳಗೆ ಸಾಲ ಇರಿಸಿಕೊಂಡವರು ‘ಬಾಕಿ ಇದೆ’ ಎಂದು ತಾವೇ ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. “ನೀ ನೂರು ಕಾಗದ ಬರದ್ರೂ ಗಡಿಯಾರ ತಿರುಗೂದಿಲ್ಲ ತಂಗಿ, ಅವ ಒಂದು ಬರೀಬೇಕು” ಅಂತ ಕಾಕಾ ಅಂದದ್ದು ಅದಕ್ಕೇ. ಆ ಒಂದು ಸಾಲಿನ ಉತ್ತರವನ್ನು ನಾನು ಬಿಡದೆ ಕೇಳುವುದೂ ಅದಕ್ಕೇ. ವಾಟ್ಸ್ಯಾಪಿನಲ್ಲಿ ಮಾತಾದರೂ ಮೇಲ್ ಕಳಿಸುತ್ತೇನೆ. ಸ್ಕ್ರೀನ್‌ಶಾಟ್ ಇದೆ ಅಂತ ಮೂಲ ಸಂದೇಶ ಅಳಿಸಬಾರದು, ನಾಳೆ ಕೇಳಿದರೆ ತೋರಿಸಬೇಕಾದದ್ದು ಮೂಲವನ್ನೇ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಆ 7,750 ಕೊಟ್ಟ ಸಂಸ್ಥೆ, ಮುಂದಿನ ಆದೇಶದಿಂದ ‘ಅನುವಾದಿತ ಪದಗಳು’ ಎಂದು ಬರೆಯತೊಡಗಿತು. ಅವರೂ ಪಾಠ ಕಲಿತರು. ನಾನು ದರವನ್ನು 2.50ರಿಂದ 3.30ಕ್ಕೆ ಏರಿಸಿ ಕೇಳಿದೆ, ಫೋನಿನಲ್ಲಿ ಜಗ್ಗಾಡಿ 3.10ಕ್ಕೆ ನಿಂತಿತು. ಅಂದರೆ ಮೊದಲಿಗಿಂತ ತುಸು ಕಡಿಮೆಯೇ. ಆದರೆ ಎಷ್ಟು ಕಡಿಮೆ ಅಂತ ಇಬ್ಬರಿಗೂ ಗೊತ್ತು.

ಆ ಫೋನಿನಲ್ಲೂ ನಾನು “ಸರೇ, ಸರೇ” ಅನ್ನುತ್ತಲೇ ಇದ್ದೆ. ಅಭ್ಯಾಸ ಹೋಗಿಲ್ಲ. ಕೊನೆಗೆ ಆ ಕಡೆಯವರೇ ನಕ್ಕು ಹೇಳಿದರು: “ಸರೇ ಅಂಟೇ ಏಂಟೋ, ಮೇಲ್‌ಲೋ ಚೂಸುಕುಂಟಾನು ಮೇಡಂ.” ಸರಿ ಅಂದದ್ದು ಏನಂತ ಮೇಲ್‌ನಲ್ಲಿ ನೋಡ್ಕೋತೀನಿ ಅಂತ. ಅರ್ಧ ಗಂಟೆಯಲ್ಲಿ ಕಳಿಸಿದೆ.